ವಾರದ ಐದು ದಿನ, ಬೆಳಿಗ್ಗೆ ಒಂಬತ್ತೂವರೆಗೆ: ಕ್ರಾನ್ ಸಾಲನ್ನು ಓದುವ ಬಗೆ

ಒಂದು ಕಚೇರಿಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರ ಇಮೇಲ್‌ಗೆ ಹೋಗಬೇಕು ಎಂದುಕೊಳ್ಳೋಣ. ಯಾರೋ ಒಬ್ಬರು ದಿನಾ ಕೂತು ಅದನ್ನು ಕಳಿಸುವ ಅಗತ್ಯವಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಕ್ರಾನ್ ಎಂಬ ಚಿಕ್ಕ ಪ್ರೋಗ್ರಾಂ ಸದಾ ಎಚ್ಚರವಾಗಿರುತ್ತದೆ. ಅದಕ್ಕೆ ಒಂದು ಸಾಲು ಬರೆದುಕೊಟ್ಟರೆ ಸಾಕು:

```
30 9 * * 1-5 /opt/bills/send.sh
```

ಸಾಲಿನ ಕೊನೆಯಲ್ಲಿರುವುದು ಮಾಡಬೇಕಾದ ಕೆಲಸ. ಅದಕ್ಕೂ ಮೊದಲಿನ ಐದು ತುಣುಕುಗಳು ವೇಳಾಪಟ್ಟಿ. ಎಡದಿಂದ ಬಲಕ್ಕೆ ಓದಿದರೆ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಿಮಿಷ 0ಯಿಂದ 59, ಗಂಟೆ 0ಯಿಂದ 23, ತಾರೀಖು 1ರಿಂದ 31, ತಿಂಗಳು 1ರಿಂದ 12. ವಾರಕ್ಕೆ ಭಾನುವಾರ 0, ಸೋಮವಾರ 1, ಶನಿವಾರ 6. ಭಾನುವಾರವನ್ನು 7 ಎಂದೂ ಬರೆಯಬಹುದು. ನಕ್ಷತ್ರ ಚಿಹ್ನೆ ಇದ್ದಲ್ಲಿ ‘ಯಾವುದಾದರೂ ಸರಿ’ ಎಂದು ಓದಬೇಕು. ಹಾಗಾಗಿ ಮೇಲಿನ ಸಾಲಿನ ಅರ್ಥ ಇಷ್ಟು: ನಿಮಿಷ 30 ಆಗಿರಬೇಕು, ಗಂಟೆ 9 ಆಗಿರಬೇಕು, ತಾರೀಖು ಯಾವುದಾದರೂ ಸರಿ, ತಿಂಗಳು ಯಾವುದಾದರೂ ಸರಿ, ವಾರ ಸೋಮದಿಂದ ಶುಕ್ರದೊಳಗಿರಬೇಕು.

ಇಲ್ಲಿಯವರೆಗಿನದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ‘ಸರಿ, ಹಾಗಾದರೆ ಇದು ಮುಂದಿನ ಸಲ ಓಡುವುದು ಯಾವಾಗ?’ ಎಂದು ಕೇಳಿದರೆ ವರ್ಷಗಟ್ಟಲೆ ಸರ್ವರ್ ನೋಡಿಕೊಂಡವರೂ ಒಂದು ಕ್ಷಣ ತಡೆಯುತ್ತಾರೆ. ತಡೆಯುವುದೇ ಒಳ್ಳೆಯದು, ಏಕೆಂದರೆ ಆ ಸಾಲಿನಲ್ಲಿ ಉತ್ತರದ ಅರ್ಧ ಭಾಗ ಮಾತ್ರ ಇದೆ. ಉಳಿದರ್ಧ ಸರ್ವರ್‌ನ ಗಡಿಯಾರದಲ್ಲಿದೆ.

ಮೊದಲು ಕ್ರಾನ್ ಕೆಲಸ ಮಾಡುವ ರೀತಿಯನ್ನು ತಿಳಿದುಕೊಳ್ಳಬೇಕು. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ವ್ಯವಸ್ಥೆಯಲ್ಲಿ ಹುಟ್ಟಿದ ಪ್ರೋಗ್ರಾಂ ಇದು. ಇಂದು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ರೂಪಗಳು ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್‌ನಿಂದ ಬಂದವು. ‘ಮುಂದಿನ ಸಲ ಶುಕ್ರವಾರ ಒಂಬತ್ತೂವರೆಗೆ’ ಎಂದು ಅದು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ನಿಮಿಷದ ಆರಂಭಕ್ಕೆ ಎಚ್ಚರಗೊಂಡು, ಗಡಿಯಾರ ನೋಡಿ, ತನ್ನಲ್ಲಿರುವ ಪ್ರತಿಯೊಂದು ಸಾಲನ್ನೂ ಈ ನಿಮಿಷಕ್ಕೆ ಹೊಂದಿಸಿ ನೋಡುತ್ತದೆ. ಹೊಂದಿದರೆ ಕೆಲಸ ಶುರು ಮಾಡುತ್ತದೆ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಮನೆಯ ಹಿರಿಯರು ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರ್ ನೋಡಿ ‘ಇವತ್ತು ಸಂಕಷ್ಟಿಯೇ?’ ಎಂದು ವಿಚಾರಿಸಿಕೊಳ್ಳುವಂತೆ, ಕ್ರಾನ್ ನಿಮಿಷಕ್ಕೊಮ್ಮೆ ‘ಈಗಲೇ?’ ಎಂದು ಕೇಳಿಕೊಳ್ಳುತ್ತದೆ. ನಾಳೆಯ ಲೆಕ್ಕ ಅದರ ಬಳಿ ಇಲ್ಲ.

ಈ ಒಂದು ಸಂಗತಿಯಿಂದ ಹಲವು ಗೋಜಲುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಒಂಬತ್ತೂವರೆ ದಾಟಿ ಇಪ್ಪತ್ತು ಸೆಕೆಂಡಿಗೆ ಯಾರಾದರೂ ಈ ಸಾಲನ್ನು ಸೇವ್ ಮಾಡಿದರೆ ಇವತ್ತಿನ ಸರದಿ ಹೋಯಿತು. ಆ ನಿಮಿಷದ ಪರಿಶೀಲನೆ ಆಗಲೇ ಮುಗಿದಿರುತ್ತದೆ. ಒಂಬತ್ತೂಕಾಲಕ್ಕೆ ಕರೆಂಟ್ ಹೋಗಿ ಹತ್ತಕ್ಕೆ ಸರ್ವರ್ ಮತ್ತೆ ಎದ್ದರೆ, ತಪ್ಪಿಹೋದ ಪಟ್ಟಿಯನ್ನು ಕ್ರಾನ್ ಹಿಂದಿರುಗಿ ಕಳಿಸುವುದಿಲ್ಲ. ಕೇಳಬೇಕಾದ ನಿಮಿಷದಲ್ಲಿ ಅದು ಎಚ್ಚರವಿರಲಿಲ್ಲ, ಅಷ್ಟೇ. ಇನ್ನು ಗಂಟೆಯನ್ನು ಸರಿಯಾಗಿ ಬರೆದು ನಿಮಿಷದ ಜಾಗದಲ್ಲಿ ನಕ್ಷತ್ರ ಬಿಟ್ಟವರ ಪಾಡು ಬೇರೆ. `* 9 * * 1-5` ಎಂದರೆ ‘ಒಂಬತ್ತಕ್ಕೆ’ ಅಲ್ಲ. 9:00ರಿಂದ 9:59ರವರೆಗಿನ ಎಲ್ಲ ನಿಮಿಷಗಳೂ ಹೊಂದುತ್ತವೆ. ಎಲ್ಲರ ಇಮೇಲ್ ಪೆಟ್ಟಿಗೆಯಲ್ಲಿ ಅರವತ್ತು ಪಟ್ಟಿಗಳು ಬಂದು ಬೀಳುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಕ್ರಾನ್ ಮುಂದಿನ ಹೊತ್ತನ್ನು ಲೆಕ್ಕ ಹಾಕದಿದ್ದರೂ ಮನುಷ್ಯರು ಹಾಕಬೇಕಾಗುತ್ತದೆ. ಅದಕ್ಕೆ ಬಲದಿಂದ ಎಡಕ್ಕೆ, ಅಂದರೆ ದೊಡ್ಡ ಅಳತೆಯಿಂದ ಚಿಕ್ಕ ಅಳತೆಗೆ ಬರುವುದು ಸುಲಭದ ದಾರಿ. ಮೊದಲು ದಿನ ಹೊಂದುತ್ತದೆಯೇ ನೋಡಬೇಕು, ಆಮೇಲೆ ಗಂಟೆ, ಕೊನೆಗೆ ನಿಮಿಷ. ಯಾವುದಾದರೂ ಒಂದರಲ್ಲಿ ಮುಂದಕ್ಕೆ ಜಿಗಿಯಬೇಕಾಗಿ ಬಂದರೆ, ಅದಕ್ಕಿಂತ ಚಿಕ್ಕ ಅಳತೆಗಳೆಲ್ಲ ತಮ್ಮ ಮೊದಲ ಬೆಲೆಗೆ ಹಿಂತಿರುಗುತ್ತವೆ.

2026ರ ಅಕ್ಟೋಬರ್ 1, ಗುರುವಾರ, ಬೆಳಿಗ್ಗೆ 10:15 ಎಂದಿಟ್ಟುಕೊಳ್ಳಿ. ಬಾಕಿ ಬಿಲ್ಲಿನ ಸಾಲು ಮುಂದೆ ಯಾವಾಗ ಓಡುತ್ತದೆ? ಗುರುವಾರ ಐದು ದಿನಗಳೊಳಗೆ ಬರುತ್ತದೆ, ದಿನ ಹೊಂದಿತು. ಗಂಟೆ 9 ಆಗಬೇಕು, ಈಗ ಹತ್ತು ದಾಟಿದೆ. ಇವತ್ತು ಇನ್ನು ಒಂಬತ್ತು ಗಂಟೆ ಬರುವುದಿಲ್ಲ. ಒಂದು ದಿನ ಮುಂದೆ ಹೋಗಬೇಕು. ಅಕ್ಟೋಬರ್ 2 ಶುಕ್ರವಾರ, ಅದೂ ಹೊಂದುತ್ತದೆ. ಆದ್ದರಿಂದ ಉತ್ತರ ಶುಕ್ರವಾರ ಬೆಳಿಗ್ಗೆ 9:30. ಅದರ ನಂತರದ್ದು ಸೋಮವಾರ, ಅಕ್ಟೋಬರ್ 5.

ಇಲ್ಲಿ ಓದುಗರು ಹುಬ್ಬೇರಿಸಬಹುದು. ಅಕ್ಟೋಬರ್ 2 ಗಾಂಧಿ ಜಯಂತಿಯಲ್ಲವೇ, ಕಚೇರಿಗೆ ರಜೆಯಲ್ಲವೇ? ಹೌದು, ಕಚೇರಿಗೆ ರಜೆ. ಕ್ರಾನ್‌ಗೆ ರಜೆಯಿಲ್ಲ. ಅದಕ್ಕೆ ‘ಕೆಲಸದ ದಿನ’ ಎಂಬ ಕಲ್ಪನೆಯೇ ಇಲ್ಲ, ಗೊತ್ತಿರುವುದು ವಾರದ ಸಂಖ್ಯೆ ಮಾತ್ರ. ಯುಗಾದಿ, ದೀಪಾವಳಿ, ಎರಡನೇ ಶನಿವಾರ ಯಾವುದನ್ನೂ ಆ ಐದು ತುಣುಕುಗಳಲ್ಲಿ ಹೇಳಲು ಬರುವುದಿಲ್ಲ. ರಜೆ ಬಿಡಬೇಕೆಂದರೆ ರಜಾಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು, ಕೆಲಸ ಮಾಡುವ ಸ್ಕ್ರಿಪ್ಟೇ ಮೊದಲು ಅದನ್ನು ನೋಡಿ ಹಿಂತಿರುಗುವಂತೆ ಬರೆಯಬೇಕು.

ಇನ್ನೊಂದು ಸಾಲು ತೆಗೆದುಕೊಳ್ಳೋಣ: `*/20 9-17 * * 1-5`. ಇಲ್ಲಿ ಓರೆಗೆರೆ ‘ಇಷ್ಟಿಷ್ಟಕ್ಕೊಮ್ಮೆ’ ಎಂದು ಹೇಳುತ್ತದೆ. ನಿಮಿಷಗಳು 0, 20, 40. ಶುಕ್ರವಾರ ಸಂಜೆ 5:45ಕ್ಕೆ ನಿಂತು ಮುಂದಿನದನ್ನು ಹುಡುಕಿದರೆ, 17ನೇ ಗಂಟೆಯ ಮೂರೂ ನಿಮಿಷಗಳು ಮುಗಿದಿವೆ, 18ನೇ ಗಂಟೆ ಪಟ್ಟಿಯಲ್ಲಿಲ್ಲ, ಶನಿವಾರವೂ ಭಾನುವಾರವೂ ಹೊಂದುವುದಿಲ್ಲ. ದಿನ ಸೋಮವಾರಕ್ಕೆ ಜಿಗಿದ ಮೇಲೆ ಗಂಟೆ ಮೊದಲ ಬೆಲೆಯಾದ 9ಕ್ಕೆ, ನಿಮಿಷ ಮೊದಲ ಬೆಲೆಯಾದ 0ಗೆ ಮರಳುತ್ತವೆ. ಸೋಮವಾರ 9:00. ಗಮನಿಸಬೇಕಾದದ್ದು ಇನ್ನೊಂದಿದೆ: `9-17` ಎಂದು ಬರೆದವರ ಮನಸ್ಸಿನಲ್ಲಿ ‘ಐದು ಗಂಟೆಗೆ ನಿಲ್ಲಲಿ’ ಎಂದಿರುತ್ತದೆ. ಸಾಲು ನಿಲ್ಲುವುದು 5:40ಕ್ಕೆ, ಏಕೆಂದರೆ 5:20, 5:40 ಎರಡೂ ಹದಿನೇಳನೇ ಗಂಟೆಗೇ ಸೇರಿದವು.

ಇಲ್ಲಿಯವರೆಗೆ ಐದೂ ತುಣುಕುಗಳು ಒಟ್ಟಿಗೆ ಹೊಂದಬೇಕು ಎಂದೇ ಲೆಕ್ಕ ಹಾಕಿದ್ದಾಯಿತು. ಆದರೆ ಅದಕ್ಕೊಂದು ಅಪವಾದವಿದೆ. ಕ್ರಾನ್‌ನಲ್ಲಿ ಜನ ಅತಿ ಹೆಚ್ಚು ಎಡವುವುದು ಅಲ್ಲಿಯೇ, ಹಾಗಾಗಿ ಅದಕ್ಕೆ ಸ್ವಲ್ಪ ಜಾಗ ಕೊಡಬೇಕು.

ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೆ ತಿಂಗಳ ವರದಿ ಹೋಗಬೇಕು, ಆದರೆ ಆ ದಿನ ಶನಿವಾರವೋ ಭಾನುವಾರವೋ ಆಗಿದ್ದರೆ ಬೇಡ. ಯಾರಿಗಾದರೂ ಮೊದಲು ಹೊಳೆಯುವ ಸಾಲು ಇದು:

```
30 9 1 * 1-5 /opt/bills/month.sh
```

ತಾರೀಖು 1 ಆಗಿರಬೇಕು, ವಾರ ಸೋಮದಿಂದ ಶುಕ್ರ ಆಗಿರಬೇಕು ಎಂದು ಓದಿಕೊಂಡರೆ ಎಲ್ಲವೂ ಸರಿಯೆನಿಸುತ್ತದೆ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಖು, ವಾರ ಎರಡರಲ್ಲೂ ನಕ್ಷತ್ರ ಬಿಟ್ಟು ಬೇರೆ ಏನಾದರೂ ಬರೆದಿದ್ದರೆ, ಅವೆರಡರಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು ಎಂಬುದು ಅದರ ನಿಯಮ. ಹಾಗಾಗಿ ಈ ಸಾಲು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಓಡುತ್ತದೆ. ಜೊತೆಗೆ ಒಂದನೇ ತಾರೀಖು ಯಾವ ವಾರವೇ ಆಗಿರಲಿ, ಆಗಲೂ ಓಡುತ್ತದೆ. 2026ರ ಅಕ್ಟೋಬರ್ 30, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಇದರ ಮುಂದಿನ ಹೊತ್ತು ಯಾವುದು? ಶನಿವಾರ 31 ತಾರೀಖಿಗೂ ಹೊಂದುವುದಿಲ್ಲ, ವಾರಕ್ಕೂ ಹೊಂದುವುದಿಲ್ಲ. ನವೆಂಬರ್ 1 ಭಾನುವಾರ, ವಾರ ಹೊಂದದಿದ್ದರೂ ತಾರೀಖು ಹೊಂದಿತು. ರಾಜ್ಯೋತ್ಸವದ ಭಾನುವಾರ ಬೆಳಿಗ್ಗೆ 9:30ಕ್ಕೆ ವರದಿ ಹೊರಡುತ್ತದೆ, ಸೋಮವಾರ ಮತ್ತೊಮ್ಮೆ, ಮಂಗಳವಾರ ಇನ್ನೊಮ್ಮೆ. ತಿಂಗಳ ಮೊದಲ ಸೋಮವಾರ ಬೇಕೆಂದು `30 9 1-7 * 1` ಎಂದು ಬರೆದವರಿಗೂ ಇದೇ ಗತಿ: ಒಂದರಿಂದ ಏಳರವರೆಗಿನ ಎಲ್ಲ ದಿನಗಳು, ಜೊತೆಗೆ ತಿಂಗಳ ಎಲ್ಲ ಸೋಮವಾರಗಳು.

ಪರಿಹಾರ ಕಷ್ಟದ್ದಲ್ಲ. ಎರಡರಲ್ಲಿ ಒಂದನ್ನು ಮಾತ್ರ ವೇಳಾಪಟ್ಟಿಗೆ ಬಿಟ್ಟು, ಇನ್ನೊಂದನ್ನು ಆದೇಶದೊಳಗೆ ಪರೀಕ್ಷಿಸಬೇಕು:

```
30 9 1 * * [ "$(date +\%u)" -le 5 ] && /opt/bills/month.sh
```

ಕ್ರಾನ್ ಒಂದನೇ ತಾರೀಖಿಗೆ ಎಬ್ಬಿಸುತ್ತದೆ. `date` ಆದೇಶ ಸೋಮವಾರಕ್ಕೆ 1, ಭಾನುವಾರಕ್ಕೆ 7 ಎಂದು ವಾರದ ಸಂಖ್ಯೆ ಹೇಳುತ್ತದೆ. ಅದು 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ವರದಿ ಹೋಗುತ್ತದೆ. ನವೆಂಬರ್ 1ರಂದು ಪರೀಕ್ಷೆಯಲ್ಲಿ ಸೋತು ಸುಮ್ಮನಾಗುತ್ತದೆ. ಡಿಸೆಂಬರ್ 1 ಮಂಗಳವಾರ, ಅಂದು ವರದಿ ಹೊರಡುತ್ತದೆ. ಶೇಕಡಾ ಚಿಹ್ನೆಯ ಹಿಂದಿನ ಓರೆಗೆರೆಯನ್ನು ಯಾರೂ ಅಳಿಸಬಾರದು. ಕ್ರಾನ್ ಸಾಲಿನಲ್ಲಿ ಬರಿಯ ಶೇಕಡಾ ಚಿಹ್ನೆ ಬಂದರೆ ಆದೇಶ ಅಲ್ಲಿಗೇ ಮುಗಿಯಿತು ಎಂದು ಕ್ರಾನ್ ತಿಳಿಯುತ್ತದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಆದೇಶ ಕ್ರಾನ್‌ನಲ್ಲಿ ಮುರಿದುಬೀಳಲು ಇದೂ ಒಂದು ಕಾರಣ.

ಇನ್ನು ಗಡಿಯಾರದ ವಿಚಾರ. ಸಾಲಿನಲ್ಲಿ 9 ಎಂದು ಬರೆದಿದೆ, ಯಾವ ಊರಿನ 9? ಸಾಮಾನ್ಯವಾಗಿ ಆ ಸರ್ವರ್‌ನಲ್ಲಿ ಯಾವ ಕಾಲವಲಯ ಹಾಕಿದೆಯೋ ಅಲ್ಲಿನ 9. ಬಾಡಿಗೆಗೆ ಪಡೆಯುವ ಕ್ಲೌಡ್ ಸರ್ವರ್‌ಗಳಲ್ಲಿ ಹೆಚ್ಚಿನವು ಬರುವಾಗಲೇ ಯುಟಿಸಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಅಳತೆಯ ಕಾಲದಲ್ಲಿರುತ್ತವೆ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಅಂಥ ಸರ್ವರ್‌ನಲ್ಲಿ `30 9 * * 1-5` ಎಂದು ಬರೆದರೆ ಬಾಕಿ ಬಿಲ್ಲಿನ ಪಟ್ಟಿ ಬೆಂಗಳೂರಿನವರ ಕೈಗೆ ಸಿಗುವುದು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಒಂಬತ್ತೂವರೆಗೇ ಬೇಕೆಂದರೆ ಐದೂವರೆ ಗಂಟೆ ಕಳೆದು `0 4 * * 1-5` ಎಂದು ಬರೆಯಬೇಕು. ಕಳೆಯುವಾಗ ಗಂಟೆಯ ಜೊತೆ ನಿಮಿಷವೂ ಬದಲಾಗುತ್ತದೆ ಎಂಬುದನ್ನು ಅವಸರದಲ್ಲಿ ಮರೆಯುವವರಿದ್ದಾರೆ. ನಮ್ಮ ಕಾಲದ ಈ ಅರ್ಧ ಗಂಟೆ ಅನೇಕರನ್ನು ಕಾಡಿದೆ.

ಒಂಬತ್ತೂವರೆಯ ವಿಷಯದಲ್ಲಿ ವಾರವಾದರೂ ಅದೇ ಉಳಿಯುತ್ತದೆ. ಬೆಳಗಿನ ಐದೂವರೆಗಿಂತ ಮುಂಚಿನ ಕೆಲಸಗಳಿಗೆ ಅದೂ ಜಾರುತ್ತದೆ. ಭಾರತದಲ್ಲಿ ಸೋಮವಾರ ಬೆಳಗಿನ ಜಾವ ಮೂರು ಗಂಟೆ ಆಗಿರುವಾಗ ಯುಟಿಸಿಯಲ್ಲಿ ಇನ್ನೂ ಭಾನುವಾರ ರಾತ್ರಿ ಒಂಬತ್ತೂವರೆ. ಸೋಮದಿಂದ ಶುಕ್ರದವರೆಗೆ ಬೆಳಗಿನ ಮೂರಕ್ಕೆ ಬ್ಯಾಕಪ್ ಆಗಬೇಕೆಂದರೆ ಯುಟಿಸಿ ಸರ್ವರ್‌ನಲ್ಲಿ ಬರೆಯಬೇಕಾದದ್ದು `30 21 * * 0-4`. ಗಂಟೆಯನ್ನಷ್ಟೇ ತಿದ್ದಿ `1-5` ಹಾಗೇ ಬಿಟ್ಟರೆ ಸೋಮವಾರದ ಬ್ಯಾಕಪ್ ತಪ್ಪುತ್ತದೆ, ಶನಿವಾರ ಬೇಡದ ಬ್ಯಾಕಪ್ ಆಗುತ್ತದೆ. ಐದು ದಿನ ಬ್ಯಾಕಪ್ ಆಗಿದೆ ಎಂದು ಎಣಿಕೆ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಬೇಗ ಗಮನಕ್ಕೂ ಬರುವುದಿಲ್ಲ.

ವರ್ಷದಲ್ಲಿ ಎರಡು ಸಲ ಗಡಿಯಾರ ತಿರುಗಿಸುವ ಪದ್ಧತಿ ಭಾರತದಲ್ಲಿಲ್ಲ, ಆದರೆ ಅಮೆರಿಕದಲ್ಲಿದೆ. ಅಲ್ಲಿನ ಕಂಪನಿಗಳಿಗಾಗಿ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ದೂರದ ಸಂಗತಿಯಲ್ಲ. ನ್ಯೂಯಾರ್ಕ್ ಷೇರುಪೇಟೆಯ ವಹಿವಾಟು ಶುರುವಾಗುವುದು ಅಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ, ಸೋಮದಿಂದ ಶುಕ್ರ. ಬೇಸಿಗೆಯ ತಿಂಗಳುಗಳಲ್ಲಿ ನಮಗೆ ಆಗ ಸಂಜೆ ಏಳು. ಇಲ್ಲಿನ ಸರ್ವರ್‌ನಲ್ಲಿ `0 19 * * 1-5` ಎಂದು ಬರೆದರೆ ತಿಂಗಳುಗಟ್ಟಲೆ ಸರಿಯಾಗಿ ಹೊಂದುತ್ತದೆ. 2026ರ ನವೆಂಬರ್ 1ರ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಮರುದಿನ ಸೋಮವಾರ ನಮ್ಮ ಸಂಜೆ ಏಳಕ್ಕೆ ನ್ಯೂಯಾರ್ಕಿನಲ್ಲಿ ಎಂಟೂವರೆಯಷ್ಟೇ. ಪೇಟೆ ತೆರೆಯಲು ಇನ್ನೂ ಒಂದು ಗಂಟೆ ಇದೆ. ಯಾರೂ ಮುಟ್ಟದ ಸಾಲು ಹೀಗೆ ಒಂದು ದಿನ ಇದ್ದಕ್ಕಿದ್ದಂತೆ ತಪ್ಪಾಗಿಬಿಡುತ್ತದೆ. ರೆಡ್ ಹ್ಯಾಟ್, ಫೆಡೋರಾಗಳಲ್ಲಿ ಬರುವ ಕ್ರೋನಿ ಎಂಬ ಕ್ರಾನ್‌ನಲ್ಲಿ ಇದಕ್ಕೆ ನೇರ ದಾರಿ ಇದೆ:

```
CRON_TZ=America/New_York
30 9 * * 1-5 /opt/market/open.sh
```

ಮೊದಲ ಸಾಲು ವೇಳಾಪಟ್ಟಿಯನ್ನು ನ್ಯೂಯಾರ್ಕಿನ ಗಡಿಯಾರಕ್ಕೆ ಕಟ್ಟಿಹಾಕುತ್ತದೆ, ಮುಂದಿನ ಲೆಕ್ಕವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಎಲ್ಲ ಕ್ರಾನ್‌ಗಳಿಗೂ ಈ ಸೌಲಭ್ಯವಿಲ್ಲ. ಬಳಸುವ ಮುನ್ನ `man 5 crontab` ಎಂದು ಟೈಪ್ ಮಾಡಿ ಆ ಸರ್ವರ್‌ನ ಕೈಪಿಡಿಯಲ್ಲಿ ಇದೆಯೇ ಎಂದು ನೋಡಬೇಕು.

ಕ್ರಾನ್‌ನಂತೆಯೇ ಕಾಣುವ, ಆದರೆ ಕ್ರಾನ್ ಅಲ್ಲದ ಸಾಲುಗಳ ಬಗ್ಗೆಯೂ ಒಂದು ಮಾತು. ಜಾವಾ ಪ್ರೋಗ್ರಾಂಗಳಲ್ಲಿ ಬಳಸುವ ಕ್ವಾರ್ಟ್ಜ್‌ನ ಸಾಲು ಸೆಕೆಂಡಿನಿಂದ ಶುರುವಾಗುತ್ತದೆ. ಅಲ್ಲಿ ಭಾನುವಾರ 1, ಸೋಮವಾರ 2. ಕ್ರಾನ್‌ನ ಅಭ್ಯಾಸದಲ್ಲಿ `1-5` ಎಂದು ಹಾಕಿದರೆ ಭಾನುವಾರ ಕೆಲಸ, ಶುಕ್ರವಾರ ರಜೆ. ಅಮೆಜಾನ್‌ನ ಕ್ಲೌಡ್‌ನ ವೇಳಾಪಟ್ಟಿಯಲ್ಲೂ ವಾರದ ಎಣಿಕೆ ಹೀಗೆಯೇ, ಕೊನೆಯಲ್ಲಿ ವರ್ಷದ ತುಣುಕೂ ಇದೆ. ಇವೆರಡರಲ್ಲೂ ಸಂಖ್ಯೆಯ ಬದಲು `MON-FRI` ಎಂದು ಬರೆಯುವುದೇ ಕ್ಷೇಮ.

ಕೈಯಿಂದ ಹಾಕಿದ ಲೆಕ್ಕವನ್ನು ಯಂತ್ರದಿಂದ ತಾಳೆ ನೋಡಲು ದಾರಿಯಿದೆ. ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಿಸ್ಟಂಡಿ ಇರುತ್ತದೆ. ಅದರ ಬರವಣಿಗೆ ಕ್ರಾನ್‌ಗಿಂತ ಬೇರೆ, ಆದರೆ ಓದಲು ಸುಲಭ:

```
date
systemd-analyze calendar --iterations=3 'Mon..Fri 09:30'
```

`date` ಸರ್ವರ್ ಈಗ ಯಾವ ಕಾಲವಲಯದಲ್ಲಿದೆ ಎಂದು ತೋರಿಸುತ್ತದೆ. ಎರಡನೆಯದು ಮುಂದಿನ ಮೂರು ಹೊತ್ತುಗಳನ್ನು ತಾರೀಖು, ವಾರ ಸಮೇತ ಮುದ್ರಿಸುತ್ತದೆ. ಸರ್ವರ್ ಬೇರೆ ವಲಯದಲ್ಲಿದ್ದರೆ ಯುಟಿಸಿಯಲ್ಲಿ ಎಷ್ಟಾಗುತ್ತದೆ ಎಂದೂ ಹೇಳುತ್ತದೆ. ಮೂರು ಹೊತ್ತುಗಳನ್ನು ನೋಡುವುದಕ್ಕೆ ಕಾರಣವಿದೆ. ಮೊದಲನೆಯದು ಸರಿಯಿದ್ದೂ ಮುಂದಿನದು ತಪ್ಪಿರಬಹುದು. ಗುರುವಾರ ಪರೀಕ್ಷಿಸಿದವರು ಶನಿವಾರವನ್ನು ಸಾಲು ದಾಟುತ್ತದೆಯೇ ಎಂದು ತಿಳಿಯುವುದು ಎರಡನೆಯ ಹೊತ್ತಿನಲ್ಲಿ. ಒಂದು ಎಚ್ಚರಿಕೆ: ಸಿಸ್ಟಂಡಿಯಲ್ಲಿ ತಾರೀಖು, ವಾರ ಎರಡನ್ನೂ ಬರೆದರೆ ಎರಡೂ ಹೊಂದಲೇಬೇಕು. ಆದ್ದರಿಂದ ಕ್ರಾನ್‌ನ ‘ಯಾವುದಾದರೂ ಒಂದು’ ನಿಯಮ ಬರುವ ಸಾಲುಗಳನ್ನು ಇದರಿಂದ ತಾಳೆ ನೋಡಲಾಗದು. ಕರೆಂಟ್ ಹೋಗಿ ತಪ್ಪಿದ ಕೆಲಸವನ್ನು ಸರ್ವರ್ ಎದ್ದ ಮೇಲೆ ಮಾಡಿಸಬೇಕೆನ್ನುವವರಿಗೂ ಸಿಸ್ಟಂಡಿಯ ಟೈಮರ್ ನೆರವಾಗುತ್ತದೆ: `Persistent=true` ಎಂದು ಬರೆದಿದ್ದರೆ ತಪ್ಪಿದ ಸರದಿಯನ್ನು ಅದು ನೆನಪಿಟ್ಟು ಮಾಡಿ ಮುಗಿಸುತ್ತದೆ.

ಕೊನೆಗೆ, ಸಾಲು ನಿಜವಾಗಿ ಓಡಿತೇ ಎಂದು ತಿಳಿಯಲು ಮರುದಿನ ಬೆಳಿಗ್ಗೆ 9:31ಕ್ಕೆ ಲಾಗ್ ನೋಡಿ. ಉಬುಂಟುವಿನಲ್ಲಿ `journalctl -u cron`, ರೆಡ್ ಹ್ಯಾಟ್ ಬಳಗದಲ್ಲಿ `journalctl -u crond`. 9:30ರ ನಿಮಿಷದಲ್ಲಿ ನಿಮ್ಮ ಆದೇಶದ ಹೆಸರೇ ಇಲ್ಲದಿದ್ದರೆ ವೇಳಾಪಟ್ಟಿಯನ್ನೋ ಕಾಲವಲಯವನ್ನೋ ತಿದ್ದಬೇಕು. ಹೆಸರಿದ್ದೂ ಪಟ್ಟಿ ಬರದಿದ್ದರೆ ಕ್ರಾನ್ ತನ್ನ ಕೆಲಸ ಮಾಡಿದೆ, ತೊಂದರೆ ಇರುವುದು ಸ್ಕ್ರಿಪ್ಟಿನಲ್ಲಿ.